ದಾರದ ಅಳತೆ 57 ಮಿ.ಮೀ. ಬಂದಿದೆ, ಉಂಗುರ ಎಷ್ಟನೇ ಸೈಜು?

ಪ್ರಶ್ನೆ: ನಮಸ್ಕಾರ. ನಮ್ಮ ಮಗನ ನಿಶ್ಚಿತಾರ್ಥ ಇನ್ನು ಆರು ವಾರಕ್ಕೆ ಹಾಸನದಲ್ಲಿ. ಹುಡುಗಿ ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ, ಕಾರ್ಯಕ್ಕೆ ಒಂದು ವಾರ ಮುಂಚೆ ಬರುತ್ತಾಳೆ. ಬೆರಳಿಗೆ ದಾರ ಸುತ್ತಿ ಅಳತೆ ಕಳಿಸು ಅಂದಿದ್ದೆ. ಉಡುಗೊರೆ ಡಬ್ಬಿಗೆ ಕಟ್ಟುವಂಥ ದಾರ ಸುತ್ತಿ, ಸ್ಕೇಲಿನ ಮೇಲಿಟ್ಟು ಎರಡೂಕಾಲು ಇಂಚು ಅಂದಳು, ಅಂದರೆ 57 ಮಿ.ಮೀ. ಸಂಜೆ ಮತ್ತೆ ನೋಡಿದರೆ ಒಂದು ಗೆರೆ ಜಾಸ್ತಿ. ಇದಕ್ಕೆ ಒಂದು ಪಟ್ಟಿಯಲ್ಲಿ 8 ಎಂದಿದೆ, ಇನ್ನೊಂದರಲ್ಲಿ 17. ನಮ್ಮ ಅತ್ತಿಗೆ "ದಾರದ ಅಳತೆಗೆ ಒಂದು ಸೈಜು ಕಮ್ಮಿ ಹೇಳಬೇಕು" ಅಂತಾರೆ, ಅಂಗಡಿಯವರು "ಒಂದು ಜಾಸ್ತಿಯೇ ಇರಲಿ" ಅಂತಾರೆ. ನಾವು ಆರಿಸಿರುವುದು ಸುತ್ತಲೂ ಹರಳಿರುವ ಉಂಗುರ. ಆಮೇಲೆ ಹಿಗ್ಗಿಸೋಕೆ, ಕುಗ್ಗಿಸೋಕೆ ಆಗಲ್ಲವಂತೆ. ಯಾವ ಸೈಜು ಹೇಳಲಿ?

ಉತ್ತರ: ಅಮ್ಮಾ, ಮೊದಲು ಆ 8 ಮತ್ತು 17ರ ಜಗಳ ಮುಗಿಸೋಣ, ಅಲ್ಲಿ ಜಗಳವೇ ಇಲ್ಲ. 17 ನಮ್ಮ ದೇಶದ ಅಂಕಿ, 8 ಅಮೆರಿಕದ್ದು. ಎರಡೂ ಹೆಚ್ಚುಕಮ್ಮಿ ಒಂದೇ ಉಂಗುರ.

ನಮ್ಮ ಲೆಕ್ಕ ಬಹಳ ಸರಳ. ಉಂಗುರದ ಒಳಸುತ್ತಳತೆ ಎಷ್ಟು ಮಿಲಿಮೀಟರ್ ಇದೆಯೋ ಅದರಲ್ಲಿ 40 ಕಳೆದರೆ ಸೈಜು ಬಂತು. 54 ಮಿ.ಮೀ. ಇದ್ದರೆ 14, 57 ಇದ್ದರೆ 17. ಹಾಗಾಗಿ ನಮ್ಮಲ್ಲಿ ಒಂದು ಸೈಜು ಎಂದರೆ ಸರಿಯಾಗಿ ಒಂದು ಮಿಲಿಮೀಟರ್. ಅಮೆರಿಕದವರದು ಬೇರೆ ದಾರಿ. ಅವರ ಸೊನ್ನೆ ಸೈಜು ಸುಮಾರು 36.5 ಮಿ.ಮೀ. ಸುತ್ತಳತೆಯಿಂದ ಶುರುವಾಗಿ, ಒಂದೊಂದು ಸೈಜಿಗೂ 2.55 ಮಿ.ಮೀ. ಏರುತ್ತದೆ. ನಿಮ್ಮ 57ರಲ್ಲಿ 36.5 ಕಳೆದು 2.55ರಿಂದ ಭಾಗಿಸಿ ನೋಡಿ, 8ರ ಆಸುಪಾಸಿಗೆ ಬರುತ್ತದೆ. ಅವರ 6 ನಮ್ಮ 12, ಅವರ 7 ನಮ್ಮ 14, ಅವರ 8 ನಮ್ಮ 17. ಇಂಗ್ಲೆಂಡಿನಲ್ಲಿ ಅಂಕಿಯ ಬದಲು ಅಕ್ಷರ ಬಳಸುತ್ತಾರೆ, ಅದು ನಿಮಗೆ ಸದ್ಯಕ್ಕೆ ಬೇಡ. ಇವೆಲ್ಲದರ ಹಿಂದೆ ಇರುವುದು ಮಿಲಿಮೀಟರ್ ಒಂದೇ. ಅದಕ್ಕೇ ನಾನು ಗಿರಾಕಿಗಳಿಗೆ ಹೇಳುವುದು, ಚೀಟಿಯಲ್ಲಿ ಸೈಜು ಬರೆದರೂ ಪಕ್ಕದಲ್ಲಿ ಮಿಲಿಮೀಟರ್ ಬರೆಯಿರಿ ಅಂತ.

ಪಟ್ಟಿಗಳೆರಡೂ ಸರಿ ಎಂದಾಯಿತು. ಆದರೆ ಪಟ್ಟಿಗೆ ಕೊಟ್ಟ ಆ 57ರ ಮೇಲೆ ನನಗೆ ನಂಬಿಕೆ ಇಲ್ಲ.

ನಮ್ಮ ಕೆಲಸದಲ್ಲಿ ದಿನವೂ ಬರುವ ಒಂದು ಲೆಕ್ಕ ಹೇಳುತ್ತೇನೆ. 14ನೇ ಸೈಜಿನ ಉಂಗುರ ಮಾಡಬೇಕು, ಚಿನ್ನದ ಪಟ್ಟಿ ಒಂದೂವರೆ ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಒಳಸುತ್ತು 54 ಬೇಕು ಅಂತ ಪಟ್ಟಿಯನ್ನು 54 ಮಿ.ಮೀ.ಗೆ ಕತ್ತರಿಸಿದರೆ ಉಂಗುರ ಚಿಕ್ಕದಾಗಿಬಿಡುತ್ತದೆ. ಬಗ್ಗಿಸುವಾಗ ಪಟ್ಟಿಯ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುವಿನ ಗೆರೆ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ದಪ್ಪದ ಮೂರೂ ಚಿಲ್ಲರೆ ಪಟ್ಟು, ಅಂದರೆ 3.14 ಪಟ್ಟು, ಸೇರಿಸಿಯೇ ಕತ್ತರಿಸಬೇಕು. ಒಂದೂವರೆ ದಪ್ಪಕ್ಕೆ 4.7 ಸೇರಿಸಿ 58.7 ಮಿ.ಮೀ. ಕೆಲಸ ಕಲಿಯುವ ಹುಡುಗರು ಮೊದಲ ತಿಂಗಳಲ್ಲಿ ತಪ್ಪುವುದು ಇಲ್ಲಿಯೇ. ನಾನೂ ತಪ್ಪಿ ಬೈಸಿಕೊಂಡಿದ್ದೇನೆ.

ದಾರಕ್ಕೂ ಇದೇ ನಿಯಮ, ಆದರೆ ತಿರುಗುಮುರುಗು. ಬೆರಳಿಗೆ ಸುತ್ತಿ ಬಿಚ್ಚಿ ನೀವು ಅಳೆಯುವುದು ದಾರದ ನಡುಗೆರೆಯ ಉದ್ದ, ಬೆರಳಿನ ಸುತ್ತಳತೆ ಅಲ್ಲ. ದಾರ ಒಂದು ಮಿ.ಮೀ. ದಪ್ಪ ಇದ್ದರೆ ಅಳತೆಯಲ್ಲಿ 3 ಮಿ.ಮೀ. ಸುಳ್ಳು ಸೇರಿಕೊಂಡಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಮೂರು ಸೈಜು! ಉಡುಗೊರೆ ಡಬ್ಬಿಗೆ ಕಟ್ಟುವ ದಾರ ಸುಮಾರಾಗಿ ಅಷ್ಟು ದಪ್ಪ ಇರುವಂಥದ್ದೇ. ಬಟ್ಟೆ ಹೊಲಿಯುವ ನೂಲಾದರೆ ಕಾಲು ಮಿ.ಮೀ. ಆಸುಪಾಸು, ಅದರ ಸುಳ್ಳು ಮುಕ್ಕಾಲು ಸೈಜು ಮಾತ್ರ.

ಇದರ ವಿರುದ್ಧ ದಿಕ್ಕಿಗೆ ಎಳೆಯುವುದು ಮಾಂಸ. ಬೆರಳು ಮರದ ಕಡ್ಡಿಯಲ್ಲವಲ್ಲ. ಸಣ್ಣ ನೂಲನ್ನು ಬಿಗಿಯಾಗಿ ಎಳೆದರೆ ಅದು ಚರ್ಮದಲ್ಲಿ ಕಚ್ಚಿಕೊಂಡು ಒಳಗೆ ಇಳಿಯುತ್ತದೆ, ಅಳತೆ ಕಮ್ಮಿ ಬರುತ್ತದೆ. ಉಂಗುರಕ್ಕೆ ಅಗಲವಿದೆ, ಅದು ಹಾಗೆ ಇಳಿಯುವುದಿಲ್ಲ. ನೂಲು ತೆಗೆದಮೇಲೆ ಬೆರಳಲ್ಲಿ ಗೆರೆ ಮೂಡಿ ಒಂದು ನಿಮಿಷವಾದರೂ ಹೋಗದಿದ್ದರೆ ಆ ಅಳತೆಯನ್ನು ಬಿಟ್ಟುಬಿಡಿ.

ಈಗ ನಿಮ್ಮ ಅತ್ತಿಗೆಯವರ ಮಾತೂ ಅಂಗಡಿಯವರ ಮಾತೂ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ದಪ್ಪ ದಾರದಲ್ಲಿ ಅಳೆದು ಉಂಗುರ ಸಡಿಲವಾದ ಮನೆಯಲ್ಲಿ "ಒಂದು ಕಮ್ಮಿ ಹೇಳಬೇಕು" ಎಂಬ ಮಾತು ಉಳಿಯುತ್ತದೆ. ನೂಲನ್ನು ಜಗ್ಗಿ ಎಳೆದು ಅಳೆದು ಉಂಗುರ ಗೆಣ್ಣು ದಾಟದೆ ನಿಂತ ಮನೆಯಲ್ಲಿ "ಒಂದು ಜಾಸ್ತಿ ಇರಲಿ" ಎಂಬ ಮಾತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ದಾರ ಯಾವುದು, ಅದನ್ನು ಎಳೆದ ಕೈ ಯಾವುದು ಅಂತ ಕೇಳದೆ ಸೇರಿಸುವುದೂ ಕಳೆಯುವುದೂ ಎರಡೂ ಕುರುಡು ಕೆಲಸ. (ಅಂಗಡಿಯವರು ಜಾಸ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಬಿಗಿಯಾದ ಉಂಗುರ ಅದೇ ದಿನ ವಾಪಸ್ ಬರುತ್ತದೆ. ಸಡಿಲವಾದ್ದನ್ನು ಜನ ದಾರ ಸುತ್ತಿಕೊಂಡು ವರ್ಷಗಟ್ಟಲೆ ಹಾಕಿಕೊಳ್ಳುತ್ತಾರೆ.)

ದಾರದ ಸುಳ್ಳು ಎಷ್ಟು ಎಂದು ಕಂಡುಹಿಡಿಯುವುದಕ್ಕೆ ಒಂದು ನಾಣ್ಯ ಸಾಕು. ನಾಣ್ಯದ ಅಳತೆ ಟಂಕಸಾಲೆಯಲ್ಲೇ ನಿಗದಿಯಾಗಿರುತ್ತದೆ, ಬೆರಳಿನ ಹಾಗೆ ಒತ್ತಿದರೆ ತಗ್ಗುವುದಿಲ್ಲ. ಡಲ್ಲಾಸ್‌ನಲ್ಲಿ ಅವರ ಕೈಗೆ ಸಿಗುವುದು ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ. ಅದರ ವ್ಯಾಸ 24.26 ಮಿ.ಮೀ., ಸುತ್ತಳತೆ 76.2 ಮಿ.ಮೀ., ಹೆಚ್ಚುಕಮ್ಮಿ ಸರಿಯಾಗಿ ಮೂರು ಇಂಚು. ನೀವು ಇಲ್ಲಿ ಮಾಡಿ ನೋಡಬೇಕೆಂದರೆ ನಮ್ಮ ದುಂಡನೆಯ 10 ರೂಪಾಯಿ ನಾಣ್ಯ ತೆಗೆದುಕೊಳ್ಳಿ. ವ್ಯಾಸ 27 ಮಿ.ಮೀ., ಸುತ್ತಳತೆ 84.8. ಬೆರಳಿಗೆ ಸುತ್ತಿದ ಅದೇ ದಾರವನ್ನು, ಅದೇ ಬಿಗಿಯಲ್ಲಿ, ನಾಣ್ಯದ ಅಂಚಿಗೆ ಸುತ್ತಿ, ಅದೇ ಸ್ಕೇಲಿನಲ್ಲಿ ಅಳೆಯಿರಿ. ಎಷ್ಟು ಹೆಚ್ಚು ಬಂತೋ ಅದು ನಿಮ್ಮ ದಾರ, ನಿಮ್ಮ ಸ್ಕೇಲು, ನಿಮ್ಮ ಕಣ್ಣು ಮೂರೂ ಸೇರಿ ಹೇಳಿದ ಸುಳ್ಳು. ದಪ್ಪದಿಂದ ಬರುವ ಈ ಹೆಚ್ಚಳ ನಾಣ್ಯಕ್ಕೂ ಬೆರಳಿಗೂ ಒಂದೇ. ನಾಣ್ಯ ದೊಡ್ಡದು, ಬೆರಳು ಸಣ್ಣದು ಅಂತ ಚಿಂತೆ ಬೇಡ, ಬಂದಷ್ಟನ್ನು ಹಾಗೇ ಕಳೆಯಬಹುದು. ನಾಣ್ಯ ಹೇಳಲಾರದ್ದು ಒಂದೇ, ದಾರ ಮಾಂಸದಲ್ಲಿ ಎಷ್ಟು ಇಳಿಯಿತು ಎಂಬುದು.

ಇನ್ನು ಆ ಇಂಚಿನ ಸ್ಕೇಲು. ಅದರಲ್ಲಿ ಒಂದು ಇಂಚಿಗೆ 16 ಗೆರೆ ಇರುತ್ತದೆ, ಒಂದು ಗೆರೆಗೆ ಸುಮಾರು 1.6 ಮಿ.ಮೀ. ಸಂಜೆ "ಒಂದು ಗೆರೆ ಜಾಸ್ತಿ" ಅಂದಿದ್ದು ನಮ್ಮ ಲೆಕ್ಕದಲ್ಲಿ ಒಂದೂವರೆ ಸೈಜು. ಆ ಸ್ಕೇಲಿಗೆ ಅದಕ್ಕಿಂತ ಸಣ್ಣ ವ್ಯತ್ಯಾಸ ಹೇಳುವ ಶಕ್ತಿಯೇ ಇಲ್ಲ. ಬೆರಳು ನಿಜವಾಗಿ ಊದಿದ್ದು ಅರ್ಧ ಮಿ.ಮೀ. ಮಾತ್ರ ಇರಬಹುದು. ಮಿಲಿಮೀಟರ್ ಗೆರೆ ಇರುವ ಬದಿಯಲ್ಲಿ ಅಳೆಯಲು ಹೇಳಿ. ಮೊಬೈಲ್ ಪರದೆಯ ಮೇಲೆ ತೋರಿಸುವ ಸ್ಕೇಲು, ಪ್ರಿಂಟ್ ತೆಗೆದ ಸ್ಕೇಲು ಬೇಡ. ಪ್ರಿಂಟರ್ ಹಾಳೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿರುತ್ತದೆ. ಬೇರೆ ಸ್ಕೇಲು ಇಲ್ಲವೇ ಇಲ್ಲ ಎಂದರೆ ಅದರ ಮೇಲೆ ಎಟಿಎಂ ಕಾರ್ಡ್ ಇಟ್ಟು ನೋಡಲಿ. ಕಾರ್ಡಿನ ಉದ್ದ ಎಲ್ಲ ದೇಶದಲ್ಲೂ 85.6 ಮಿ.ಮೀ., ಅಷ್ಟು ತೋರಿಸದಿದ್ದರೆ ಆ ಸ್ಕೇಲು ಸುಳ್ಳು.

ಮತ್ತೆ ಅಳೆಯುವುದು ಹೇಗೆ ಅಂತ ಹೇಳುತ್ತೇನೆ, ಹುಡುಗಿಗೆ ಇದನ್ನೇ ಓದಿ ಹೇಳಿ. ಹೊಲಿಗೆ ನೂಲು ತೆಗೆದುಕೊಳ್ಳಲಿ. ಎಳೆದರೆ ರಬ್ಬರಿನಂತೆ ಹಿಗ್ಗುವ ನೂಲು, ಉಲ್ಲನ್ ದಾರ ಬೇಡ. ಉಂಗುರ ಕೂರುವ ಜಾಗದಲ್ಲಿ, ಬೆರಳಿನ ಬುಡದಲ್ಲಿ, ಒಂದರ ಪಕ್ಕ ಒಂದು ಬರುವಂತೆ ಮೂರು ಸುತ್ತು ಸುತ್ತಲಿ, ಒಂದರ ಮೇಲೊಂದು ಹತ್ತಬಾರದು. ನೂಲು ಚರ್ಮಕ್ಕೆ ತಾಗಿ ಕೂರಬೇಕು, ಒತ್ತಬಾರದು. ಸುತ್ತಿನ ಕೆಳಗೆ ಗುಂಡುಸೂಜಿ ಸಲೀಸಾಗಿ ತೂರಿದರೆ ಬಿಗಿ ಸರಿಯಿದೆ ಅಂತ. ಶುರುವಾದ ಕಡೆಯ ಎಳೆ, ಮೂರು ಸುತ್ತು ಮುಗಿದ ಕಡೆಯ ಎಳೆ, ಎರಡೂ ಬೆರಳಿನ ಒಂದೇ ಬದಿಗೆ ಬಂದಲ್ಲಿ ಪೆನ್ನಿನಿಂದ ಅಡ್ಡ ಒಂದು ಗೀರು ಹಾಕಬೇಕು. ಒಂದೇ ಕೈಯಲ್ಲಿ ಇದು ಕಷ್ಟ, ಯಾರನ್ನಾದರೂ ಸಹಾಯಕ್ಕೆ ಕರೆಯಲಿ. ಆಮೇಲೆ ನೂಲು ಬಿಚ್ಚಿ, ಸ್ಕೇಲಿನ ಮೇಲೆ ನೇರವಾಗಿ ಹಾಸಿ, ಗೀರಿನಿಂದ ಗೀರಿಗೆ ಅಳೆದು, ಬಂದದ್ದನ್ನು ಮೂರರಿಂದ ಭಾಗಿಸಬೇಕು. ಓದುವಾಗ ಒಂದು ಮಿ.ಮೀ. ತಪ್ಪಿದರೂ ಸೈಜಿನಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಸುತ್ತಿನಿಂದ ಒತ್ತಡವೂ ಹರಡಿ ನೂಲು ಕಚ್ಚುವುದು ಕಮ್ಮಿ.

ಅದೇ ರೀತಿ ಗೆಣ್ಣಿನ ಮೇಲೂ ಅಳೆಯಬೇಕು, ಬೆರಳು ನೆಟ್ಟಗೆ ಚಾಚಿ. ದಾರದಲ್ಲಿ ಅಳೆಯುವವರು ಮರೆಯುವುದು ಇದನ್ನೇ. ಉಂಗುರ ಕೂರುವುದು ಬುಡದಲ್ಲಾದರೂ ದಾಟಿ ಬರಬೇಕಾದ್ದು ಗೆಣ್ಣಿನ ಮೇಲೆ. ಗೆಣ್ಣು ಬುಡಕ್ಕಿಂತ ಎರಡು ಮೂರು ಮಿ.ಮೀ. ದಪ್ಪ ಇದ್ದರೆ ತೊಂದರೆಯಿಲ್ಲ. ಅಲ್ಲಿಯ ಚರ್ಮ ಸಡಿಲ, ಉಂಗುರವನ್ನು ತಿರುಗಿಸುತ್ತಾ ತಳ್ಳಿದರೆ ದಾಟುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಗೆಣ್ಣಿನ ಅಳತೆಗೆ ಹತ್ತಿರ ಹೋಗಲೇಬೇಕಾಗುತ್ತದೆ, ಆಗ ಬುಡದಲ್ಲಿ ಉಂಗುರ ಸ್ವಲ್ಪ ತಿರುಗುತ್ತದೆ. ಅದಕ್ಕೆ ಒಳಮೈಯಲ್ಲಿ ಎರಡು ಸಣ್ಣ ಚಿನ್ನದ ಗುಂಡು ಬೆಸೆದು ಕೊಡುತ್ತೇವೆ, ಉಂಗುರ ಅಲ್ಲೇ ನಿಲ್ಲುತ್ತದೆ.

ಇದನ್ನು ಎರಡು ದಿನದಲ್ಲಿ ಮೂರು ಸಲ ಮಾಡಲಿ, ಮನೆಯೊಳಗೆ, ಬೆರಳು ಬೆಚ್ಚಗೂ ಅಲ್ಲದೆ ತಣ್ಣಗೂ ಅಲ್ಲದೆ ಇರುವಾಗ. ಚಳಿಗೆ ಬೆರಳು ಕುಗ್ಗುತ್ತದೆ. ಸೆಕೆ, ಉಪ್ಪಿನ ಊಟ, ಕೈ ಇಳಿಬಿಟ್ಟು ಬಹಳ ಹೊತ್ತು ನಡೆದದ್ದು, ಇವು ಊದಿಸುತ್ತವೆ. ಯಾವ ಕೈಗೆ ತೊಡಿಸುತ್ತೀರೋ ಅದೇ ಕೈ ಅಳೆಯಿರಿ. ಹೆಚ್ಚು ಕೆಲಸ ಮಾಡುವ ಕೈಯ ಬೆರಳು ಇನ್ನೊಂದಕ್ಕಿಂತ ಒಂದು ಸೈಜು ದಪ್ಪ ಇರುವುದು ನಾನು ಬಹಳ ಸಲ ನೋಡಿದ್ದೇನೆ. ಬಂದ ಮೂರು ಅಳತೆಯಲ್ಲಿ ನಡುವಿನದನ್ನು ಇಟ್ಟುಕೊಳ್ಳಿ.

ಒಂದು ಉದಾಹರಣೆಯಲ್ಲಿ ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ. ಬುಡದಲ್ಲಿ ಮೂರು ಸುತ್ತಿಗೆ 166 ಮಿ.ಮೀ. ಬಂತು ಅಂದುಕೊಳ್ಳಿ. ಒಂದು ಸುತ್ತಿಗೆ 55.3. ಅದೇ ನೂಲನ್ನು ಕ್ವಾರ್ಟರ್ ನಾಣ್ಯಕ್ಕೆ ಮೂರು ಸುತ್ತು ಸುತ್ತಿದಾಗ 231 ಬಂತು, ಒಂದು ಸುತ್ತಿಗೆ 77. ಬರಬೇಕಾದ್ದು 76.2, ಅಂದರೆ ನೂಲು 0.8 ಹೆಚ್ಚು ಹೇಳುತ್ತಿದೆ. 55.3ರಲ್ಲಿ ಅದನ್ನು ಕಳೆದರೆ ಬುಡದ ನಿಜವಾದ ಸುತ್ತು 54.5. ಗೆಣ್ಣಿನದೂ ಹೀಗೇ ಲೆಕ್ಕ ಹಾಕಿ 57 ಬಂದಿದೆ ಎನ್ನೋಣ. ಎರಡೂವರೆ ಮಿ.ಮೀ. ವ್ಯತ್ಯಾಸ, ಚಿಂತೆಯಿಲ್ಲ. ನಾನಾದರೆ 55ಕ್ಕೆ ಮಾಡುತ್ತೇನೆ, ಅಂದರೆ ನಮ್ಮ 15ನೇ ಸೈಜು, ಅಮೆರಿಕದ ಲೆಕ್ಕದಲ್ಲಿ ಏಳೂಕಾಲು. ನಿಮಗೆ ಮೊದಲು ಬಂದಿದ್ದ 17ರಿಂದ ಎಷ್ಟು ದೂರ ಬಂದೆವು ನೋಡಿ. ಬೆರಳಲ್ಲಿ ಎರಡು ಸೈಜು ಸಡಿಲ ಎಂದರೆ ಕೈ ತೊಳೆಯುವಾಗ ಸೋಪಿನ ಜೊತೆ ಜಾರಿಹೋಗುವಷ್ಟು ಸಡಿಲ. ಆದರೆ ಈ 15ನ್ನೇ ಬರೆದುಕೊಡಬೇಡಿ. ಅದು ನಾನು ಇಟ್ಟುಕೊಂಡ ಅಂಕಿಯಿಂದ ಬಂದದ್ದು, ನಿಮ್ಮದು ಅಳೆದ ಮೇಲೆ ಬರಬೇಕು.

ನೂಲಿಗಿಂತ ಕಾಗದದ ಪಟ್ಟಿ ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ನಾಲ್ಕು ಮಿ.ಮೀ. ಅಗಲದ ಕಾಗದ ಮಾಂಸದಲ್ಲಿ ಇಳಿಯುವುದಿಲ್ಲ, ದಪ್ಪವೂ ಇಲ್ಲವೆನ್ನುವಷ್ಟು ಕಮ್ಮಿ. ಬೆರಳು ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವವರಿಗೆ ಮಾತ್ರ ಕಾಗದ ಓರೆಯಾಗಿ ಕೂರುತ್ತದೆ, ಅಂಥವರಿಗೆ ನೂಲೇ ವಾಸಿ. ಎರಡರಲ್ಲೂ ಅಳೆದು ಅರ್ಧ ಮಿ.ಮೀ. ಒಳಗೆ ಹೊಂದಿದರೆ ನಿಶ್ಚಿಂತೆ. ಹುಡುಗಿಯ ಹತ್ತಿರ ಅದೇ ಬೆರಳಿನ ಹಳೆಯ ಉಂಗುರ ಇದ್ದರೆ ಅದರ ಒಳವ್ಯಾಸವನ್ನು ಸ್ಕೇಲಿನಲ್ಲಿ ಅಳೆದು ಕಳಿಸುತ್ತೇನೆ ಅಂದಾಳು. ಅದು ಬೇಡ. ವ್ಯಾಸದಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಸುತ್ತಳತೆಯಲ್ಲಿ ಒಂದೂವರೆ ಸೈಜು ತಪ್ಪಿದ ಹಾಗೆ, ಬರಿಗಣ್ಣಿಗೆ ಆ ಅರ್ಧ ಮಿ.ಮೀ. ಸಿಗುವುದಿಲ್ಲ. ಆ ಉಂಗುರವನ್ನೇ ಅಲ್ಲಿನ ಯಾವುದಾದರೂ ಒಡವೆ ಅಂಗಡಿಗೆ ಹಾಕಿಕೊಂಡು ಹೋಗಲಿ. ಅಳತೆ ಉಂಗುರಗಳ ಗೊಂಚಲಿನಿಂದ ಒಂದೊಂದಾಗಿ ಬೆರಳಿಗೆ ತೊಡಿಸಿ ಎರಡು ನಿಮಿಷದಲ್ಲಿ ಹೇಳುತ್ತಾರೆ. ಅವರು ಹೇಳುವುದು ಅಮೆರಿಕದ ಅಂಕಿ, ಅದನ್ನು 2.55ರಿಂದ ಗುಣಿಸಿ 36.5 ಕೂಡಿಸಿದರೆ ಮಿಲಿಮೀಟರ್ ಬರುತ್ತದೆ. ಕೇಳುವಾಗ ಅರ್ಧ ಸೈಜೂ ಕೇಳಬೇಕು. ಅವರ ಅರ್ಧ ಸೈಜು ನಮ್ಮ ಒಂದಕ್ಕಿಂತ ದೊಡ್ಡದು.

ಈಗ ಉಂಗುರದ ಮಾತು. ಸುತ್ತಲೂ ಹರಳಿದ್ದರೆ ಸರಿಮಾಡಲಾಗದು ಅಂತ ನಿಮಗೆ ಹೇಳಿದ್ದು ನಿಜ. ಸಾದಾ ಉಂಗುರ ಚಿಕ್ಕದು ಮಾಡಬೇಕೆಂದರೆ ಕೆಳಭಾಗದಲ್ಲಿ ಕತ್ತರಿಸಿ, ಬೇಕಾದಷ್ಟು ತೆಗೆದು, ಮುಚ್ಚಿ ಬೆಸೆಯುತ್ತೇವೆ. ದೊಡ್ಡದು ಮಾಡಬೇಕೆಂದರೆ ನಡುವೆ ತುಂಡು ಇಟ್ಟು ಎರಡು ಕಡೆ ಬೆಸುಗೆ. ಮೂರು ಮಿ.ಮೀ. ಅಗಲ, ಒಂದೂವರೆ ದಪ್ಪದ 22 ಕ್ಯಾರೆಟ್ ಉಂಗುರಕ್ಕೆ ಒಂದು ಸೈಜು ಕೂಡಿಸಲು ಬೇಕಾಗುವ ಚಿನ್ನ ಸುಮಾರು 80 ಮಿಲಿಗ್ರಾಂ, ಅಷ್ಟೇ. (ಯಾರಾದರೂ ಒಂದು ಸೈಜಿಗೆ ಅರ್ಧ ಗ್ರಾಂ ಹಿಡಿಯಿತು ಅಂದರೆ ತೂಕಕ್ಕೆ ಹಾಕಿ ತೋರಿಸಿ ಅನ್ನಿ.) ಸುತ್ತಲೂ ಹರಳಿರುವುದರಲ್ಲಿ ಕತ್ತರಿಸುವುದಕ್ಕೆ ಜಾಗವೇ ಇಲ್ಲ. ಹೇಗೋ ಕತ್ತರಿಸಿ ಬಾಗು ಬದಲಾಯಿಸಿದರೆ ಹರಳು ಹಿಡಿದ ಮುಳ್ಳುಗಳು ಒಂದು ಕಡೆ ಬಾಯಿ ತೆರೆಯುತ್ತವೆ, ಇನ್ನೊಂದು ಕಡೆ ಒತ್ತಿಕೊಳ್ಳುತ್ತವೆ. ಅಂದೇ ಬೀಳದಿದ್ದರೂ ಆರು ತಿಂಗಳಲ್ಲಿ ಒಂದೊಂದೇ ಉದುರುತ್ತದೆ. ಇಂಥ ಉಂಗುರವನ್ನು ದಾರದ ಅಳತೆ ನಂಬಿ ಮಾಡಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಆದ್ದರಿಂದ ನಿಮ್ಮ ಮುಂದೆ ಎರಡು ದಾರಿ. ಮಾದರಿ ಬದಲಿಸಲು ಮನಸ್ಸಿದ್ದರೆ ಮೇಲಿನ ಮುಕ್ಕಾಲು ಸುತ್ತಿಗೆ ಮಾತ್ರ ಹರಳು ಕೂರಿಸಿ, ಅಂಗೈ ಬದಿಯ ಕಾಲು ಸುತ್ತನ್ನು ಬೋಳು ಬಿಡಲು ಹೇಳಿ. ತೊಟ್ಟಾಗ ಯಾರಿಗೂ ಕಾಣುವುದಿಲ್ಲ, ಒಂದು ಸೈಜು ಆಕಡೆ ಈಕಡೆ ಮಾಡಲು ಜಾಗ ಇರುತ್ತದೆ. ಹಾಲ್‌ಮಾರ್ಕ್ ಗುರುತು, ಅದರ ಆರು ಅಕ್ಷರದ ಎಚ್‌ಯುಐಡಿ ಕೆಳಭಾಗದಲ್ಲಿ ಕತ್ತರಿಸುವ ಜಾಗದಲ್ಲೇ ಬಾರದಂತೆ ಮೊದಲೇ ಹೇಳಿಡಿ, ಆಮೇಲೆ ಬೆಸುಗೆಯಲ್ಲಿ ಅಳಿಸಿಹೋದರೆ ಮಾರುವಾಗ ತೊಂದರೆ. ಹುಡುಗಿ ಬಂದು ಎರಡು ದಿನವಾದ ಮೇಲೆ ತೊಡಿಸಿ ನೋಡಿ. ಉದ್ದ ವಿಮಾನ ಪ್ರಯಾಣದಲ್ಲಿ ಬೆರಳು ಊದಿರುತ್ತದೆ, ಇಳಿದ ದಿನವೇ ನೋಡಿ "ಬಿಗಿಯಾಯ್ತು" ಅಂತ ಕತ್ತರಿಸಲು ಓಡಬೇಡಿ. ನಿಮ್ಮ ಹತ್ತಿರ ಇರುವ ಒಂದು ವಾರ ಇದಕ್ಕೆ ಧಾರಾಳ.

ಸುತ್ತಲೂ ಹರಳೇ ಬೇಕು ಎಂದು ಹುಡುಗಿಗೆ ಆಸೆ ಇದ್ದರೆ, ಅಲ್ಲಿನ ಅಂಗಡಿಯಲ್ಲಿ ಅಳೆಸದೆ ಆರ್ಡರ್ ಕೊಡಬೇಡಿ. ಅಳೆಸುವಾಗ ಇದೇ ಅಗಲದ ಅಳತೆ ಉಂಗುರದಲ್ಲಿ ನೋಡಲು ಹೇಳಿ. ಆರು ಮಿ.ಮೀ. ಮೇಲಿನ ಅಗಲದ ಉಂಗುರ ಅದೇ ಬೆರಳಿಗೆ ಒಂದು ಸೈಜು ಹೆಚ್ಚು ಕೇಳುತ್ತದೆ. ಎರಡು ಮೂರು ಮಿ.ಮೀ.ಯದಕ್ಕೆ ಏನೂ ಸೇರಿಸಬೇಕಿಲ್ಲ. ಎರಡು ಸೈಜಿನ ನಡುವೆ ಸಂದೇಹ ಉಳಿದರೆ ಈ ಮಾದರಿಗೆ ಮಾತ್ರ ದೊಡ್ಡದನ್ನೇ ಆರಿಸಿ. ಸಡಿಲಕ್ಕೆ ಒಳಗೆ ಗುಂಡು ಬೆಸೆಯಬಹುದು, ಬಿಗಿಗೆ ಏನೂ ಮಾಡಲಾಗದು.

ಅಕ್ಕಸಾಲಿಗರಿಗೆ ಕೊಡುವ ಚೀಟಿಯಲ್ಲಿ ಹೀಗೆ ಬರೆಯಿರಿ: ಯಾವ ಕೈ, ಯಾವ ಬೆರಳು, ಒಳಸುತ್ತಳತೆ ಇಷ್ಟು ಮಿ.ಮೀ., ನಮ್ಮ ದೇಶದ ಸೈಜು ಇಷ್ಟು. ಉಂಗುರ ಕೈಗೆ ಬಂದಾಗ ಅಳತೆ ಕೋಲಿಗೆ ಹಾಕಿ ತೋರಿಸಲು ಕೇಳಿ. ಕೋಲಿನ ಮೇಲಿನ ಗೆರೆ ಚೀಟಿಗೆ ಹೊಂದಿದರೆ ತೆಗೆದುಕೊಳ್ಳಿ, ಇಲ್ಲವಾದರೆ ಅಲ್ಲೇ ಬಿಟ್ಟು ಬನ್ನಿ.